ಅಪ್‌ಡೇಟ್: ಕಾರಿನ ಮುಗ್ಗಲು ವಾಸನೆ ಹೋಯಿತು

ನಾನು ಕೇಳಿದ್ದು: ಕಾರಲ್ಲಿ ಮುಗ್ಗಲು ವಾಸನೆ, ಏಸಿ ಹಾಕಿದರೆ ಇನ್ನೂ ಜಾಸ್ತಿ, ಏನು ಮಾಡಲಿ?

ಏಸಿಯ ಡ್ರೈನ್ ಪೈಪ್ ನೋಡಿ ಎಂದವರ ಮಾತೇ ನಿಜವಾಯಿತು. ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿದ್ದಕ್ಕೆ ಸೀಟಿನ ಬೋಂಡಾ ವಾಸನೆ ಹೋಯಿತು, ಮುಗ್ಗಲು ಹೋಗಲಿಲ್ಲ. ಪರ್ಫ್ಯೂಮ್ ಅಂತೂ ಸುಮ್ನೆ ದಂಡ.

ಏಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು, ಅಲ್ವಾ? ನಮ್ಮದರಲ್ಲಿ ಒಂದು ಹನಿಯೂ ಇರಲಿಲ್ಲ. ಎಡಗಡೆಯ ಮ್ಯಾಟ್ ಒಣಗಿತ್ತು, ಆದರೆ ಅದನ್ನು ಎತ್ತಿ ಅಡಿಯ ಕಾರ್ಪೆಟ್ ಒತ್ತಿದರೆ ನೀರು ಜಿನುಗಿತು! ಮಂಡ್ಯದ ಮೆಕ್ಯಾನಿಕ್ ಪೈಪಿನಿಂದ ಕೆಸರಿನಂಥ ಕಸ ತೆಗೆದರು. ಕಾರ್ಪೆಟ್ ಅಡಿಯ ಫೋಮ್ ಬೇಗ ಒಣಗುವುದಿಲ್ಲ, ಎತ್ತಿ ಕಟ್ಟಿ ಫ್ಯಾನ್ ಇಟ್ಟೆ. ಕ್ಯಾಬಿನ್ ಫಿಲ್ಟರ್ ಕೂಡ ಬದಲಿಸಿದೆ. ಈಗ ಮನೆ ತಲುಪುವ ಐದು ನಿಮಿಷ ಮೊದಲೇ ಏಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸುತ್ತೇನೆ, ಒಳಗಿನ ತೇವ ಆರುತ್ತದೆ.