ಸ್ಪ್ರಿಂಟ್ ಮುಗಿದರೂ ಮುಗಿಯದ ಸ್ಟೋರಿಗಳು: ಬಾಕಿ ಏಕೆ ಬೆಳೆಯುತ್ತಿದೆ, ವರದಿಯಲ್ಲಿ ಹೇಗೆ ಬರೆಯಬೇಕು?

ಹೊಂಗೆನೆರಳು:
ನಮ್ಮದು ಆರು ಜನರ ತಂಡ, ಎರಡು ವಾರಗಳ ಸ್ಪ್ರಿಂಟ್. ಮೊದಲ ಸ್ಪ್ರಿಂಟ್‌ನಲ್ಲಿ 32 ಪಾಯಿಂಟ್ ಕೈಗೆತ್ತಿಕೊಂಡು 21 ಮುಗಿಸಿದೆವು. ಉಳಿದ 11ಕ್ಕೆ 30 ಹೊಸ ಪಾಯಿಂಟ್ ಸೇರಿಸಿ ಎರಡನೆಯದರಲ್ಲಿ 24, ಅಲ್ಲಿ ಉಳಿದ 17ಕ್ಕೆ 28 ಸೇರಿಸಿ ಮೂರನೆಯದರಲ್ಲಿ 26 ಮುಗಿಸಿದೆವು. ಈಗ 19 ಪಾಯಿಂಟ್ ಬಾಕಿ ಇದೆ. ವೆಲಾಸಿಟಿ ಏರುತ್ತಿದೆ ಎಂದು ಮ್ಯಾನೇಜರ್ ಸಂತೋಷಪಡುತ್ತಿದ್ದಾರೆ, ಆದರೆ ಬಾಕಿಯೂ ಏರುತ್ತಿರುವುದು ನನಗೆ ಸರಿಕಾಣುತ್ತಿಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಟೆಸ್ಟಿಂಗ್ ಕಾಲಮ್‌ನಲ್ಲಿರುವುದರಿಂದ ವರದಿಯಲ್ಲಿ ‘ಶೇ. 90 ಮುಗಿದಿದೆ’ ಎಂದು ಬರೆಯುತ್ತಿದ್ದೇವೆ. ಇದು ಸರಿಯೇ?

ತುಂಗಾತೀರ:
ಮಾಡಿದ ಕೆಲಸಕ್ಕೆ ಲೆಕ್ಕ ಸಿಗದಿರುವುದೇ ನಿಮ್ಮ ತೊಂದರೆ. 8 ಪಾಯಿಂಟ್‌ನ ಸ್ಟೋರಿಯಲ್ಲಿ ಕೋಡಿಂಗ್ ಮುಗಿದಿದ್ದರೆ ಅದನ್ನು ಎರಡಾಗಿ ಒಡೆದು, 6 ಪಾಯಿಂಟ್ ಈ ಸ್ಪ್ರಿಂಟ್‌ನಲ್ಲಿ ಮುಗಿಸಿ, ಉಳಿದ 2 ಪಾಯಿಂಟ್‌ನ ಟೆಸ್ಟಿಂಗ್ ಭಾಗವನ್ನು ಮಾತ್ರ ಮುಂದಕ್ಕೆ ಒಯ್ಯಿರಿ. ಮುಂದಿನ ಸ್ಪ್ರಿಂಟ್‌ನ ಯೋಜನೆಗೆ ಬೇಕಾಗಿರುವುದು ಉಳಿದಿರುವ ಶ್ರಮದ ಅಂದಾಜು ತಾನೆ?

ಕಾಲಂದುಗೆ:
ಉಳಿದ ಶ್ರಮವನ್ನು ಯೋಜನೆಯ ವೇಳೆ ಪರಿಗಣಿಸಬೇಕು ಎಂಬ ಮಾತು ಸರಿ, ಆದರೆ ಅದಕ್ಕಾಗಿ ಸ್ಟೋರಿಯನ್ನು ಕೊನೆಯ ದಿನ ಒಡೆಯುವುದು ತಪ್ಪು. ಟೆಸ್ಟ್ ಆಗದ ಕೋಡ್ ಬಳಕೆದಾರರ ಕೈಗೆ ಹೋಗಲಾರದು, ಆದ್ದರಿಂದ ಆ 6 ಪಾಯಿಂಟ್ ಮುಗಿದ ಕೆಲಸವಲ್ಲ. ಒಡೆದ ಎರಡೂ ಭಾಗಗಳು ತಮ್ಮಷ್ಟಕ್ಕೆ ಉಪಯೋಗಕ್ಕೆ ಬರುವಂತಿದ್ದರೆ ಮಾತ್ರ ಒಡೆಯಬಹುದು.

ಹೊಂಗೆನೆರಳು ಅವರೇ, ನಿಮ್ಮ ಅಂಕಿಗಳನ್ನು ಬೇರೊಂದು ರೀತಿಯಲ್ಲಿ ಜೋಡಿಸಿ ನೋಡಿ. ಎರಡನೆಯ ಸ್ಪ್ರಿಂಟ್‌ನಲ್ಲಿ ಮುಗಿದ 24ರಲ್ಲಿ ಹಳೆಯ 11 ಪಾಯಿಂಟ್ ಸೇರಿದ್ದರೆ, ಆ ಸ್ಪ್ರಿಂಟ್‌ಗೆಂದು ತೆಗೆದುಕೊಂಡ 30ರಲ್ಲಿ ಮುಗಿದದ್ದು 13 ಮಾತ್ರ. ಮೂರನೆಯದರಲ್ಲೂ ಹಳೆಯ 17 ಮೊದಲು ಮುಗಿದಿದ್ದರೆ ಹೊಸದರಲ್ಲಿ ಮುಗಿದದ್ದು 9. ಸ್ಟೋರಿಯ ಪೂರ್ತಿ ಪಾಯಿಂಟ್‌ಗಳು ಅದು ಮುಗಿದ ಸ್ಪ್ರಿಂಟ್‌ಗೇ ಸೇರುವುದರಿಂದ ವೆಲಾಸಿಟಿ ಚಾರ್ಟ್‌ನಲ್ಲಿ ಈ ಇಳಿಕೆ ಕಾಣುವುದಿಲ್ಲ. ಮೂರು ಸ್ಪ್ರಿಂಟ್‌ಗಳ ಸರಾಸರಿ ತೆಗೆದರೆ ಸುಮಾರು 24 ಬರುತ್ತದೆ, ನಿಮ್ಮ ತಂಡದ ನಿಜವಾದ ಅಳವು ಅಷ್ಟೇ. 24 ಮುಗಿಸಬಲ್ಲ ತಂಡ 17 ಬಾಕಿ ಇಟ್ಟುಕೊಂಡು 28 ಹೊಸದನ್ನು ಒಪ್ಪಿಕೊಂಡದ್ದರಿಂದಲೇ ಬಾಕಿ ಬೆಳೆದಿದೆ. ಆಗ ತೆಗೆದುಕೊಳ್ಳಬಹುದಾಗಿದ್ದದ್ದು 7 ಪಾಯಿಂಟ್, ಅರ್ಧ ಮುಗಿದ ಸ್ಟೋರಿಗಳನ್ನು ಗಮನಿಸಿದರೆ ಇನ್ನು ಸ್ವಲ್ಪ ಹೆಚ್ಚು.

ಒಂದು ವಿಷಯ ಪರಿಶೀಲಿಸಿ ತಿಳಿಸಿ: ಉಳಿದ ಸ್ಟೋರಿಗಳು ಸ್ಪ್ರಿಂಟ್‌ನ ಎಷ್ಟನೆಯ ದಿನ ಟೆಸ್ಟಿಂಗ್ ಕಾಲಮ್‌ಗೆ ಬಂದವು? ಸ್ಪ್ರಿಂಟ್ ಮುಚ್ಚಿದ ಮೇಲೆ ಜಿರಾದಲ್ಲಿ ಇದನ್ನು ಹುಡುಕಿದರೆ ಬ್ಯಾಕ್‌ಲಾಗ್‌ಗೆ ಹಿಂದಿರುಗಿದವೂ ಸೇರಿ ಎಲ್ಲ ಬಾಕಿ ಸಿಗುತ್ತದೆ:

```
sprint in closedSprints() AND statusCategory != Done
```

ಮಳೆಬಿಲ್ಲು:
ನಮ್ಮಲ್ಲೂ ಇದೇ ಸಮಸ್ಯೆ. ಸ್ಪ್ರಿಂಟ್ ನಡುವೆ ಪ್ರೊಡಕ್ಷನ್ ಬಗ್‌ಗಳು ಬಂದು ಯೋಜನೆಯೆಲ್ಲ ತಲೆಕೆಳಗಾಗುತ್ತದೆ. ಅವುಗಳಿಗೆಂದು ಒಬ್ಬರನ್ನು ಸರದಿಯಂತೆ ಮೀಸಲಿಟ್ಟ ಮೇಲೆ ಬಾಕಿ ಕಡಿಮೆಯಾಯಿತು. ನೀವೂ ಹಾಗೆಯೇ ಮಾಡಿ.

ಹೊಂಗೆನೆರಳು:
ನಮ್ಮಲ್ಲಿ ಹೊರಗಿನಿಂದ ಬರುವ ಬಗ್‌ಗಳು ತೀರಾ ಕಡಿಮೆ. ಸ್ಟೋರಿಗಳ ಇತಿಹಾಸ ನೋಡಿದೆ: ಉಳಿದ ಏಳರಲ್ಲಿ ಐದು ಟೆಸ್ಟಿಂಗ್‌ಗೆ ಬಂದದ್ದು ಒಂಬತ್ತನೆಯ ಮತ್ತು ಹತ್ತನೆಯ ಕೆಲಸದ ದಿನ. ಟೆಸ್ಟ್ ಮಾಡುವವರು ಒಬ್ಬರೇ ಇದ್ದಾರೆ, ಮೊದಲ ವಾರ ಅವರಿಗೆ ಹೆಚ್ಚು ಕೆಲಸವಿರಲಿಲ್ಲ.

ಕಾಲಂದುಗೆ:
ಹಾಗಾದರೆ ಎರಡನೆಯ ಕಾರಣವೂ ಸಿಕ್ಕಿತು. ಐವರು ಡೆವಲಪರ್‌ಗಳು ಮೊದಲ ದಿನವೇ ಐದು ಸ್ಟೋರಿಗಳನ್ನು ಬೇರೆಬೇರೆಯಾಗಿ ಆರಂಭಿಸಿದರೆ ಅವೆಲ್ಲವೂ ಸರಿಸುಮಾರು ಒಂದೇ ಹೊತ್ತಿಗೆ ಟೆಸ್ಟಿಂಗ್‌ಗೆ ಬಂದು ಬೀಳುತ್ತವೆ. ಮೂರಕ್ಕಿಂತ ಹೆಚ್ಚು ಸ್ಟೋರಿಗಳನ್ನು ಒಟ್ಟಿಗೆ ತೆರೆಯದೆ, ಒಂದೊಂದಕ್ಕೆ ಇಬ್ಬರು ಕೈಹಾಕಿ ನೋಡಿ. ಟೆಸ್ಟಿಂಗ್‌ನಲ್ಲಿ ಎರಡು ಕಾಯುತ್ತಿದ್ದರೆ ಡೆವಲಪರ್‌ಗಳು ಹೊಸದನ್ನು ಮುಟ್ಟದೆ, ತಾವು ಬರೆಯದ ಸ್ಟೋರಿಯನ್ನು ಟೆಸ್ಟ್ ಮಾಡಲು ನೆರವಾಗಲಿ. ಟೆಸ್ಟಿಂಗ್ ಸರ್ವರ್ ಇನ್ನೊಂದು ತಂಡದ ಹಿಡಿತದಲ್ಲಿದ್ದರೆ ಇದರಿಂದ ಹೆಚ್ಚು ಪ್ರಯೋಜನವಾಗದು.

ಇನ್ನು ವರದಿ. ‘ಶೇ. 90’ ಎಂಬುದನ್ನು ಕೈಬಿಡಿ, ಏಕೆಂದರೆ ಉಳಿದ ಶೇ. 10ರಲ್ಲಿ ಎಷ್ಟು ದೋಷಗಳು ಅಡಗಿವೆ ಎಂಬುದು ಟೆಸ್ಟ್ ಮಾಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಮೂರನೆಯ ಸ್ಪ್ರಿಂಟ್‌ಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ಹಿಂದಿನಿಂದ ಬಂದದ್ದು 17, ಹೊಸದು 28, ಮುಗಿದದ್ದು 26 (ಹಳೆಯದು 17, ಹೊಸದು 9), ಉಳಿದದ್ದು 19. ಉಳಿದ ಏಳು ಸ್ಟೋರಿಗಳಲ್ಲಿ ಐದು ಕೊನೆಯ ಎರಡು ದಿನಗಳಲ್ಲಿ ಟೆಸ್ಟಿಂಗ್‌ಗೆ ಬಂದವು.” ಪ್ರತಿ ಸ್ಟೋರಿಯ ಮುಂದೆ ಅದು ಎಷ್ಟನೆಯ ಸ್ಪ್ರಿಂಟ್‌ನಲ್ಲಿದೆ ಎಂದೂ ನಮೂದಿಸಿ. ಮೂರನೆಯ ಸಲ ಮುಂದಕ್ಕೆ ಹೋಗುತ್ತಿರುವ ಸ್ಟೋರಿಯನ್ನು ತಾನಾಗಿಯೇ ಹೊಸ ಸ್ಪ್ರಿಂಟ್‌ಗೆ ತಳ್ಳದೆ ಬ್ಯಾಕ್‌ಲಾಗ್‌ಗೆ ಹಿಂದಿರುಗಿಸಿ, ಅದು ಇನ್ನೂ ಬೇಕೇ ಎಂದು ಪ್ರಾಡಕ್ಟ್ ಓನರ್ ಅವರನ್ನು ಕೇಳಿ.

ತುಂಗಾತೀರ:
ಒಡೆಯುವ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ 8 ಪಾಯಿಂಟ್‌ನ ಸ್ಟೋರಿಗೆ ಒಂದು ದಿನದ ಕೆಲಸ ಮಾತ್ರ ಉಳಿದಿರುವಾಗಲೂ ಅದನ್ನು 8 ಎಂದೇ ಹೊತ್ತುಕೊಂಡು ಹೋದರೆ ಮುಂದಿನ ಸ್ಪ್ರಿಂಟ್ ವಿನಾಕಾರಣ ತುಂಬಿದಂತೆ ಕಾಣುವುದಿಲ್ಲವೇ?

ಕಾಲಂದುಗೆ:
ಕಾಣುತ್ತದೆ. ಪಾಯಿಂಟ್ ಬದಲಿಸದೆ, ಉಳಿದ ದಿನಗಳನ್ನು ಯೋಜನೆಯ ಸಭೆಯಲ್ಲಿ ಬಾಯಿಮಾತಿನಲ್ಲೇ ಲೆಕ್ಕಕ್ಕೆ ಹಿಡಿಯುವುದು ನನ್ನ ಪದ್ಧತಿ, ಏಕೆಂದರೆ 8ನ್ನು 2 ಮಾಡಿದರೆ 6 ಪಾಯಿಂಟ್‌ನ ದುಡಿಮೆ ಯಾವ ಸ್ಪ್ರಿಂಟ್‌ನ ಲೆಕ್ಕದಲ್ಲೂ ಉಳಿಯುವುದಿಲ್ಲ. ಮರು ಅಂದಾಜು ಮಾಡುವ ಒಳ್ಳೆಯ ತಂಡಗಳೂ ಇವೆ. ಯಾವುದನ್ನೇ ಆರಿಸಿಕೊಂಡರೂ ಪ್ರತಿ ಸ್ಪ್ರಿಂಟ್‌ನಲ್ಲಿ ಅದನ್ನೇ ಪಾಲಿಸಬೇಕು, ಇಲ್ಲದಿದ್ದರೆ ಸರಾಸರಿಗೆ ಅರ್ಥವಿರದು.

ಹೊಂಗೆನೆರಳು:
ಮುಂದಿನ ಸ್ಪ್ರಿಂಟ್‌ಗೆ ಹಳೆಯ 19ರ ಜೊತೆ 5 ಹೊಸ ಪಾಯಿಂಟ್ ಮಾತ್ರ ತೆಗೆದುಕೊಳ್ಳೋಣ ಎಂದು ಸೂಚಿಸಲಿದ್ದೇನೆ. ಮ್ಯಾನೇಜರ್ ಇದನ್ನು ಒಪ್ಪುವರೇ ಎಂಬುದು ಸೋಮವಾರದ ಸಭೆಯಲ್ಲಿ ತಿಳಿಯಬೇಕು.