ಸಹಾಯ ಬೇಕು: ಮುದ್ರಿತ ಪಾಠಗಳನ್ನು ವಾರದ ಪಾಠಗಳಾಗಿ ಒಡೆಯುವ ಬಗ್ಗೆ

ನಮಸ್ಕಾರ. ದೂರಶಿಕ್ಷಣದ ಅರ್ಥಶಾಸ್ತ್ರದ ಸ್ವಯಂಕಲಿಕಾ ಪುಸ್ತಕವನ್ನು ವಾರಕ್ಕೊಂದು ಪುಟ್ಟ ಪಾಠವಾಗಿ ಒಡೆಯುತ್ತಿದ್ದೇನೆ. ಮೊದಲು ಪುಟ ಎಣಿಸಿ ಕತ್ತರಿಸಿ ಕೆಟ್ಟೆ: ಬೇಡಿಕೆಯ ಸ್ಥಿತಿಸ್ಥಾಪಕತ್ವದ ಸೂತ್ರ ಒಂದು ವಾರಕ್ಕೆ, ಅದರ ಲೆಕ್ಕ ಮುಂದಿನ ವಾರಕ್ಕೆ ಹೋಯಿತು. ಈಗ ಒಂದು ಕಲಿಕಾ ಉದ್ದೇಶಕ್ಕೆ ಒಂದೇ ಪಾಠ.

ತೊಡಕಿರುವುದು ಪ್ರಶ್ನೆಗಳಲ್ಲಿ. ‘ಸ್ಥಿತಿಸ್ಥಾಪಕತ್ವ ಎಂದರೇನು?’ ಎಂದರೆ ಎಲ್ಲರೂ ಪುಸ್ತಕದ ಸಾಲನ್ನೇ ಬರೆದು ಕಳಿಸುತ್ತಾರೆ. ‘ಬೆಲೆ ಶೇ 10 ಏರಿ, ಬೇಡಿಕೆ ಶೇ 4 ಇಳಿದರೆ ಮಾರುವವರ ಒಟ್ಟು ಆದಾಯ ಏನಾಗುತ್ತದೆ?’ ಎಂದಾಗ ಹಲವರು ‘ಇಳಿಯುತ್ತದೆ’ ಎಂದರು. ಅದು ಶೇ 5.6 ಏರುತ್ತದೆ! ಇಂಥ ಪ್ರಶ್ನೆಯೇ ಬೇಕೆಂದು ನನಗೆ ಖಚಿತವಾಗಿದೆ.

ಆದರೆ ತಪ್ಪಿದವರಿಗೆ ಪುಟಸಂಖ್ಯೆ ತೋರಿಸಿದರೆ ಸಾಕೇ, ಬಿಡಿಸಿದ ಇನ್ನೊಂದು ಲೆಕ್ಕ ಕೊಡಬೇಕೇ? ಈ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಒಂದು ಪಾಠದ ಮಾದರಿ ತೋರಿಸಿ.