ಸಹಾಯ ಬೇಕು: ಒಂದೇ ಪುಟದ ಡ್ಯಾಶ್‌ಬೋರ್ಡಿನಲ್ಲಿ ಒಟ್ಟು ಬಣ್ಣ ಹೇಗೆ ನಿರ್ಧರಿಸಬೇಕು?

ಎಲ್ಲರಿಗೂ ನಮಸ್ಕಾರ ರೀ. ಗದಗ ಹತ್ರ ನಮ್ಮ ಕುಡಿಯುವ ನೀರಿನ ಪೈಪ್‌ಲೈನ್ ಕೆಲಸ ನಡದೈತಿ, ಒಟ್ಟು 12 ಕಿ.ಮೀ. ತಿಂಗಳ ಮೀಟಿಂಗಿಗೆ ಎಕ್ಸೆಲ್‌ನಲ್ಲಿ ಒಂದು ಪುಟದ ಡ್ಯಾಶ್‌ಬೋರ್ಡ್ ಮಾಡಾಕತ್ತೀನಿ.

ಮೊದಲು ಖರ್ಚಾದ ದುಡ್ಡು ನೋಡಿ ಬಣ್ಣ ಹಾಕತಿದ್ವಿ. ಪೈಪ್ ಖರೀದಿ ಆದಕೂಡಲೇ ಎಲ್ಲಾ ಹಸಿರು. ಆದರ ಪ್ರೆಶರ್ ಟೆಸ್ಟ್ ಮಾಡಿದಾಗ ಜಾಯಿಂಟ್ ಸೋರಿ, ಮುಚ್ಚಿದ ಗುಂಡಿ ಮತ್ತ ಅಗಿಬೇಕಾತು. ಅದಕ್ಕ ಈಗ ಮುಗಿದ ಕೆಲಸವನ್ನು ಇವತ್ತಿನವರೆಗಿನ ಪ್ಲಾನಿನಿಂದ ಭಾಗಿಸ್ತೀನಿ:

```
=IF(C2/B2>=0.95,"ಹಸಿರು",IF(C2/B2>=0.85,"ಹಳದಿ","ಕೆಂಪು"))
```

B2 ಪ್ಲಾನು, C2 ಮುಗಿದದ್ದು. ಪೈಪ್ ಹಾಕೋದು 8 ಕಿ.ಮೀ.ಗೆ 7.2, ಅಂದರ 0.90, ಹಳದಿ. ಟೆಸ್ಟ್ 6ಕ್ಕ 4 ಅಷ್ಟೇ, 0.67, ಕೆಂಪು. ಟ್ಯಾಂಕ್ 1.0, ಹಸಿರು. ಬಣ್ಣದ ಜೊತಿಗೆ ಅಕ್ಷರಾನೂ ಬೇಕು, ಯಾಕಂದರ ಮೀಟಿಂಗಿನ್ಯಾಗ ಕಪ್ಪು-ಬಿಳುಪು ಝೆರಾಕ್ಸ್ ಹಂಚತಾರ.

ತೊಡಕು ಇಲ್ಲೇ ಐತಿ. ಮೂರರ ಸರಾಸರಿ 0.86, ಒಟ್ಟು ಹಳದಿ ಬರತೈತಿ, ಟೆಸ್ಟಿನ ಕೆಂಪು ಮುಚ್ಚಿಹೋಗತೈತಿ. ಸರಾಸರಿ ತಪ್ಪು ಅಂತ ನನಗ ಖಾತ್ರಿ. ಹಂಗಂತ ಅತಿ ಕೆಟ್ಟ ಬಣ್ಣವನ್ನೇ ಒಟ್ಟು ಬಣ್ಣ ಮಾಡಿದರ, ಮೂರು ವಾರ ತಡ ಆದರೂ ನಡಿಯುವಂಥ ಕಾಂಪೌಂಡ್ ಗೋಡೆ ಕೆಲಸಕ್ಕೂ ಇಡೀ ಪ್ರಾಜೆಕ್ಟ್ ಕೆಂಪಾಗತೈತಿ. ಕೊನಿ ದಿನಾಂಕ ಮುಂದೂಡುವ ಕೆಲಸಗಳನ್ನಷ್ಟೇ ಲೆಕ್ಕಕ್ಕ ತಗೊಂಡು, ಅವುಗಳಲ್ಲಿ ಕೆಟ್ಟ ಬಣ್ಣ ಮ್ಯಾಲೆ ತೋರಿಸಲೇನು? ಹಿಂಗ ಮಾಡಿದವರು ಇದ್ದರ ಆ ಕೆಲಸಗಳಿಗೆ ಶೀಟಿನ್ಯಾಗ ಗುರುತು ಹೆಂಗ ಹಾಕಿದ್ರಿ ಅಂತ ತಿಳಿಸ್ರಿ. ಸೋಮವಾರ ಮೀಟಿಂಗ್ ಐತಿ.